ಸರ್ವೊ ತಿರುಗಿದೊಡನೆ ಬೋರ್ಡು ರೀಸೆಟ್: ಒಣದ್ರಾಕ್ಷಿ ಶೆಡ್ಡೊಂದರ ಪ್ರಕರಣ

ಹಿನ್ನೆಲೆ

ವಿಜಯಪುರ ಜಿಲ್ಲೆಯಲ್ಲಿ ದ್ರಾಕ್ಷಿ ಬೆಳೆದು ಒಣದ್ರಾಕ್ಷಿ ಮಾಡುವ ಒಂದು ತೋಟದಲ್ಲಿ ನಡೆದ ಪ್ರಕರಣವಿದು. ಊರಿನ ಹೆಸರನ್ನೂ ಸಂಬಂಧಪಟ್ಟವರ ಗುರುತನ್ನೂ ಇಲ್ಲಿ ಕೊಟ್ಟಿಲ್ಲ. ಶೆಡ್ಡಿನ ಒಡೆಯರನ್ನು ಮಾಲೀಕರೆಂದೂ, ಸಾಧನವನ್ನು ಕಟ್ಟಿಕೊಟ್ಟ, ಡಿಪ್ಲೊಮಾ ಮುಗಿಸಿದ ಅವರ ಅಣ್ಣನ ಮಗನನ್ನು ಯುವಕನೆಂದೂ ಕರೆಯುತ್ತೇನೆ. ಇಬ್ಬರೂ ತಮ್ಮ ಅನುಭವವನ್ನು ಬರೆಯಲು ಒಪ್ಪಿದ್ದಾರೆ.

ಒಣದ್ರಾಕ್ಷಿ ಶೆಡ್ಡಿನ ಬದಿಗಳು ಗಾಳಿಯಾಡಲೆಂದು ತೆರೆದಿರುತ್ತವೆ. ದ್ರಾವಣದಲ್ಲಿ ಅದ್ದಿದ ಹಣ್ಣನ್ನು ಬಲೆಯ ಅಂತಸ್ತುಗಳ ಮೇಲೆ ಹರಡಿ ನೆರಳಿನಲ್ಲಿ ಒಣಗಿಸುವ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಅಕಾಲಿಕ ಮಳೆ ಬಂದರೆ ಬದಿಗಳಿಗೆ ತಾಡಪತ್ರಿ ಇಳಿಸಬೇಕು. ರಾತ್ರಿ ಯಾರೂ ಇಲ್ಲದಾಗ ಮಳೆ ಹೊಡೆದರೆ ಮಾಲು ಕಪ್ಪಾಗುತ್ತದೆ, ಬೂಸ್ಟು ಹಿಡಿಯುತ್ತದೆ. ಆದ್ದರಿಂದ ಯುವಕ ಒಂದು ಸರಳ ಏರ್ಪಾಡು ಮಾಡಿದ್ದ. ಸುತ್ತಿ ಮೇಲೆ ಕಟ್ಟಿದ ತಾಡಪತ್ರಿಯನ್ನು ಎರಡೂ ಬದಿಗೆ ಒಂದೊಂದು ಕೊಂಡಿ ಹಿಡಿದಿರುತ್ತದೆ. ಮಳೆಹನಿ ಸಂವೇದಕ ಒದ್ದೆಯಾದ ಕೂಡಲೇ ಎಂಜಿ996ಆರ್ ಮಾದರಿಯ ಎರಡು ಸರ್ವೊ ಮೋಟಾರುಗಳು ಕೊಂಡಿಗಳನ್ನು ಎಳೆಯುತ್ತವೆ, ತಾಡಪತ್ರಿ ತನ್ನ ಭಾರದಿಂದಲೇ ಕೆಳಗೆ ಇಳಿಯುತ್ತದೆ. ಇದನ್ನೆಲ್ಲ ನಡೆಸುವುದು ಅಟ್‌ಮೆಗಾ328ಪಿ ಚಿಪ್ಪಿನ ಒಂದು ಆರ್ಡುಯಿನೊ ನ್ಯಾನೊ ಬೋರ್ಡು.

ವಿದ್ಯುತ್ತಿನ ಮೂಲ 12 ವೋಲ್ಟಿನ ಬ್ಯಾಟರಿ. ಅದನ್ನು ಪಂಪಿನ ಕೋಣೆಯಲ್ಲಿ ಇಟ್ಟು, ಅಲ್ಲಿಯೇ ಒಂದು ಎಲ್‌ಎಂ2596 ಬಕ್ ಮಾಡ್ಯೂಲಿನಿಂದ 5.1 ವೋಲ್ಟಿಗೆ ಇಳಿಸಿ, ಆ 5 ವೋಲ್ಟನ್ನು 6 ಮೀಟರ್ ದೂರದ ಶೆಡ್ಡಿನ ಪೆಟ್ಟಿಗೆಗೆ ತೆಳ್ಳನೆಯ ಜೋಡಿ ವೈರಿನಲ್ಲಿ ಒಯ್ಯಲಾಗಿತ್ತು. ಪೆಟ್ಟಿಗೆಯೊಳಗೆ ಬೋರ್ಡಿಗೂ ಎರಡು ಸರ್ವೊಗಳಿಗೂ ವಿದ್ಯುತ್ತು ಒಂದೇ ಟರ್ಮಿನಲ್ಲಿನಿಂದ ಹೋಗುತ್ತಿತ್ತು. ಈ ಕೊನೆಯ ಎರಡು ವಾಕ್ಯಗಳಲ್ಲಿಯೇ ಇಡೀ ಪ್ರಕರಣದ ಮೂಲವಿದೆ, ಆದರೆ ಅದು ಕಣ್ಣಿಗೆ ಬೀಳಲು ಬಹಳ ದಾರಿ ಸುತ್ತಬೇಕಾಯಿತು.

ಸಮಸ್ಯೆ

ಮನೆಯ ಮೇಜಿನ ಮೇಲೆ ಎಲ್ಲವೂ ಸರಿಯಾಗಿ ನಡೆದಿತ್ತು. ಶೆಡ್ಡಿನಲ್ಲಿ ಕೂರಿಸಿದ ಮೇಲೆ ಸಂವೇದಕದ ಮೇಲೆ ನೀರು ಚಿಮುಕಿಸಿದರೆ ಕೊಂಡಿ ಒಂದು ಕೂದಲೆಳೆಯಷ್ಟು ಅಲುಗಿ ನಿಲ್ಲುತ್ತಿತ್ತು, ಬೋರ್ಡಿನ ದೀಪ ಆರಿ ಮತ್ತೆ ಹೊತ್ತುತ್ತಿತ್ತು, ಮರುಕ್ಷಣ ಕೊಂಡಿ ಮತ್ತೆ ಅಲುಗುತ್ತಿತ್ತು. ಹೀಗೆ ಟಿಕ್ ಟಿಕ್ ಎನ್ನುತ್ತ ನಿಮಿಷಗಟ್ಟಲೆ ನಡುಗುತ್ತಿತ್ತೇ ಹೊರತು ತಾಡಪತ್ರಿ ಬಿಡುತ್ತಿರಲಿಲ್ಲ. ಕೆಲವೊಮ್ಮೆ ಮಾತ್ರ ಒಂದೇ ಪ್ರಯತ್ನಕ್ಕೆ ಬಿಟ್ಟುಬಿಡುತ್ತಿತ್ತು, ಅದರಿಂದಾಗಿ ದೋಷಕ್ಕೆ ಗೊತ್ತುಗುರಿಯಿಲ್ಲ ಎಂದೇ ಎಲ್ಲರೂ ಭಾವಿಸಿದ್ದರು.

ನಡುಕ ನಿಲ್ಲದೇ ಮುಂದುವರಿಯಲು ಒಂದು ಸ್ಪಷ್ಟ ಕಾರಣವಿತ್ತು. ಪ್ರೋಗ್ರಾಮಿನ `setup()` ಭಾಗ ಆರಂಭವಾದ ಕೂಡಲೇ ಎರಡೂ ಸರ್ವೊಗಳನ್ನು ಒಂದು ನಿಶ್ಚಿತ ಸ್ಥಾನಕ್ಕೆ ಕಳಿಸುತ್ತಿತ್ತು. ಸರ್ವೊ ಚಲಿಸಿದರೆ ರೀಸೆಟ್, ರೀಸೆಟ್ ಆದರೆ `setup()`, `setup()` ಬಂದರೆ ಮತ್ತೆ ಸರ್ವೊ ಚಲನೆ. ಒಮ್ಮೆ ಈ ಚಕ್ರಕ್ಕೆ ಬಿದ್ದ ಬೋರ್ಡು ತಾನಾಗಿ ಹೊರಬರಲಾರದು.

ನನ್ನನ್ನು ಕರೆದಾಗ ಮಾಲೀಕರು ಮೊದಲು ಹೇಳಿದ ಮಾತು ಇದು: “ಬ್ಯಾಟರಿ ಹೊಸಾದು ಅದ್ರೀ ಸರ್, ಮೀಟರ್ ಹಚ್ಚಿದ್ರ ಬರೋಬ್ಬರಿ ಐದು ತೋರಸ್ತದ. ಕರೆಂಟ್ ಕಡಿಮಿ ಬೀಳೂ ಮಾತೇ ಇಲ್ಲ.” ಮೀಟರು ಐದು ತೋರಿಸಿದ್ದು ನಿಜ. ಆದರೆ ಸಾಮಾನ್ಯ ಮಲ್ಟಿಮೀಟರು ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಂಕಿಯನ್ನು ಬದಲಿಸುತ್ತದೆ. ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟೂ ಬಾಳದ ಕುಸಿತ ಅದರ ಸರಾಸರಿಯಲ್ಲಿ ಕರಗಿಹೋಗುತ್ತದೆ.

ಅದಕ್ಕೂ ಮೊದಲು ಪ್ರಯತ್ನಿಸಿದ್ದು

ಯುವಕ ಮೊದಲು ಅನುಮಾನಿಸಿದ್ದು ಪ್ರೋಗ್ರಾಮನ್ನು. ಸರ್ವೊಗಳ ಪ್ಲಗ್ಗನ್ನು ಕಿತ್ತಿಟ್ಟು ಅದೇ ಪ್ರೋಗ್ರಾಮನ್ನು ರಾತ್ರಿಯಿಡೀ ಓಡಿಸಿದಾಗ ಒಂದೂ ರೀಸೆಟ್ ಆಗಲಿಲ್ಲ. ಅಲ್ಲಿಗೆ ಪ್ರೋಗ್ರಾಮು ನಿರಪರಾಧಿ ಎಂದು ತಿಳಿದು ಆ ದಾರಿಯನ್ನು ಬಿಟ್ಟ.

ಎರಡನೆಯದಾಗಿ ಬಕ್ ಮಾಡ್ಯೂಲಿನ ಶಕ್ತಿ ಸಾಲದೆಂದು ಅದನ್ನು ತೆಗೆದು, 5 ಆಂಪಿಯರಿನದೆಂದು ಮಾರುವ ಇನ್ನೊಂದು ಮಾಡ್ಯೂಲನ್ನು ಹಾಕಿದ. ಯಾವ ವ್ಯತ್ಯಾಸವೂ ಆಗಲಿಲ್ಲ. ಈ ವಿಫಲತೆ ಬಹಳ ಬೆಲೆಬಾಳುವ ಸುಳಿವಾಗಿತ್ತು. ಮೂಲದ ಶಕ್ತಿಯನ್ನು ಒಂದೂವರೆ ಪಟ್ಟಿಗೂ ಹೆಚ್ಚು ಮಾಡಿದರೂ ಲಕ್ಷಣ ಸ್ವಲ್ಪವೂ ಬದಲಾಗದಿದ್ದರೆ ಕೊರತೆ ಮೂಲದಲ್ಲಿಲ್ಲ, ಮೂಲದಿಂದಾಚೆ ಎಲ್ಲೋ ಇದೆ ಎಂದೇ ಅರ್ಥ.

ಮೂರನೆಯದು ಕೆಪಾಸಿಟರು. ಬೋರ್ಡಿನ 5 ವೋಲ್ಟ್ ಮತ್ತು ಗ್ರೌಂಡಿನ ನಡುವೆ 470 ಮೈಕ್ರೋಫ್ಯಾರಡಿನ ಒಂದನ್ನು ಬೆಸುಗೆ ಹಾಕಿ ನೋಡಿದ. ಎಲ್ಲರೂ ಹೇಳುವ ಪರಿಹಾರವಾದ್ದರಿಂದ ಇದರ ಲೆಕ್ಕವನ್ನು ಇಲ್ಲಿ ಬಿಡಿಸುತ್ತೇನೆ. ಕೆಪಾಸಿಟರು ಎಷ್ಟು ಹೊತ್ತು ತಡೆದೀತೆಂಬುದಕ್ಕೆ ಸೂತ್ರ ಸುಲಭವಾಗಿದೆ:

```
t = C × ΔV / I
```

ಕೆಪಾಸಿಟರು 2 ಆಂಪಿಯರ್ ಕೊಡಬೇಕಾಗಿ ಬಂದು, ನಾವು ಅರ್ಧ ವೋಲ್ಟಿನ ಇಳಿಕೆಯನ್ನು ಮಾತ್ರ ಸಹಿಸುವುದಾದರೆ, 470 ಮೈಕ್ರೋಫ್ಯಾರಡು ತಡೆದು ನಿಲ್ಲುವುದು ಒಂದು ಮಿಲಿಸೆಕೆಂಡಿನ ಎಂಟನೆಯ ಒಂದು ಭಾಗ ಮಾತ್ರ. ಸರ್ವೊ ವೇಗ ಹಿಡಿಯಲು ಹತ್ತಾರು ಮಿಲಿಸೆಕೆಂಡು ಬೇಕು. ಅಷ್ಟು ಹೊತ್ತು ತಡೆಯಲು ಬೇಕಾಗುವ ಕೆಪಾಸಿಟರು ಲಕ್ಷ ಮೈಕ್ರೋಫ್ಯಾರಡಿನ ಲೆಕ್ಕಕ್ಕೆ ಹೋಗುತ್ತದೆ. ಮೋಟಾರಿನ ಬ್ರಷ್ಷುಗಳಿಂದ ಹುಟ್ಟುವ ಅತಿ ಸಣ್ಣ ಕಿಡಿಗದ್ದಲವನ್ನು ಅಡಗಿಸಲು ಸಣ್ಣ ಕೆಪಾಸಿಟರು ಬೇಕೇ ಬೇಕು. ಆದರೆ ಮೋಟಾರಿನ ಆರಂಭದ ಹಸಿವನ್ನು ಅದು ತಣಿಸಲಾರದು.

ನಾಲ್ಕನೆಯ ಪ್ರಯತ್ನ ಎರಡು ಸರ್ವೊಗಳನ್ನು ಒಟ್ಟಿಗೆ ಎಬ್ಬಿಸದೆ ಒಂದರ ನಂತರ ಒಂದನ್ನು ಚಲಿಸುವುದು.

```
kondiA.write(90);
delay(700);
kondiB.write(90);
```

ಇದರಿಂದ ರೀಸೆಟ್ ನಿಂತಿತು. ಮನೆಯವರಿಗೆಲ್ಲ ಸಮಾಧಾನವಾಯಿತು, ಕೆಲಸ ಮುಗಿಯಿತೆಂದು ಪೆಟ್ಟಿಗೆಗೆ ಮುಚ್ಚಳವನ್ನೂ ಬಿಗಿದರು. ಆದರೆ ಕೆಲ ದಿನಗಳಲ್ಲಿ ಹೊಸ ಬಗೆಯ ತೊಂದರೆ ಕಾಣಿಸಿತು. ಬೋರ್ಡು ರೀಸೆಟ್ ಆಗುವ ಬದಲು ಇದ್ದಲ್ಲಿಯೇ ಸ್ತಬ್ಧವಾಗತೊಡಗಿತು. ವಿದ್ಯುತ್ತು ತೆಗೆದು ಹಾಕುವವರೆಗೂ ಅದು ಮಿಸುಕುತ್ತಿರಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಕೊಂಡಿ ಮುಚ್ಚಿದೆಯೋ ತೆರೆದಿದೆಯೋ ಎಂದು ವಿದ್ಯುತ್ತು ಹೋದರೂ ಅಳಿಯದ ಈಈಪ್ರಾಮ್ ಸ್ಮೃತಿಯಲ್ಲಿ ಬರೆದಿಡುತ್ತಿದ್ದ ಬೈಟು ಒಮ್ಮೊಮ್ಮೆ ಅರ್ಥವಿಲ್ಲದ ಅಂಕಿಯನ್ನು ತೋರಿಸುತ್ತಿತ್ತು. ನನ್ನನ್ನು ಕರೆದದ್ದು ಈ ಹಂತದಲ್ಲಿ.

ಕಾರಣವನ್ನು ಹಿಡಿದದ್ದು

ನಾನು ಮೊದಲು ತಿಳಿಯಬೇಕೆಂದುಕೊಂಡದ್ದು ರೀಸೆಟ್ಟಿನ ಜಾತಿ. ಅಟ್‌ಮೆಗಾ ಚಿಪ್ಪು ತಾನು ಏಕೆ ರೀಸೆಟ್ ಆದೆನೆಂಬುದನ್ನು `MCUSR` ಎಂಬ ರಿಜಿಸ್ಟರಿನಲ್ಲಿ ಬರೆದಿಟ್ಟುಕೊಂಡಿರುತ್ತದೆ. ಅದರಲ್ಲಿ `BORF` ಎಂಬ ಬಿಟ್ ಎದ್ದಿದ್ದರೆ, ಅಂದರೆ 1 ಆಗಿದ್ದರೆ, ವೋಲ್ಟೇಜು ಕುಸಿದಿತ್ತು. `WDRF` ಎದ್ದಿದ್ದರೆ ವಾಚ್‌ಡಾಗ್ ಎಬ್ಬಿಸಿತು, ಅಂದರೆ ಪ್ರೋಗ್ರಾಮು ಎಲ್ಲೋ ಸಿಕ್ಕಿಕೊಂಡಿತ್ತು. `EXTRF` ಎದ್ದಿದ್ದರೆ ರೀಸೆಟ್ ಪಿನ್ನಿಗೆ ಮೋಟಾರಿನ ಗದ್ದಲ ನುಗ್ಗಿರಬಹುದು. ಈ ಮೂರಕ್ಕೂ ಪರಿಹಾರ ಬೇರೆ ಬೇರೆ. ಅನೇಕ ಬೂಟ್‌ಲೋಡರುಗಳು ಪ್ರೋಗ್ರಾಮು ಶುರುವಾಗುವ ಮುನ್ನವೇ ಈ ರಿಜಿಸ್ಟರನ್ನು ಅಳಿಸಿಬಿಡುವುದರಿಂದ, ಯುವಕನ ಬಳಿಯಿದ್ದ ಯುಎಸ್‌ಬಿಆಸ್ಪ್ ಪ್ರೋಗ್ರಾಮರಿನಿಂದ ನೇರವಾಗಿ ಚಿಪ್ಪಿಗೆ ಪ್ರೋಗ್ರಾಮು ತುಂಬಿ, `setup()`ನ ಮೊದಲಲ್ಲೇ ಇದನ್ನು ಸೇರಿಸಿದೆವು:

```
uint8_t karana = MCUSR;
MCUSR = 0;
Serial.begin(9600);
if (karana & (1 << BORF)) Serial.println("BORF");
```

ಎರಡೂ ಸರ್ವೊಗಳನ್ನು ಮೊದಲಿನಂತೆ ಒಟ್ಟಿಗೆ ಎಬ್ಬಿಸಿದಾಗ ಪರದೆಯ ಮೇಲೆ `BORF` ಸಾಲುಗಟ್ಟಿತು. ಒಂದೊಂದಾಗಿ ಎಬ್ಬಿಸಿದಾಗ ಬರಲಿಲ್ಲ. ವೋಲ್ಟೇಜು ಕುಸಿಯುತ್ತಿದೆ ಎಂಬುದು ಅಲ್ಲಿಗೆ ಖಚಿತವಾಯಿತು. ಎಲ್ಲಿ ಕುಸಿಯುತ್ತಿದೆ ಎಂಬುದು ಉಳಿದಿತ್ತು.

ಆಸಿಲೋಸ್ಕೋಪು ಆಗ ನಮ್ಮ ಬಳಿ ಇರಲಿಲ್ಲ. ಸರ್ವೊ ಒಂದು ಕ್ಷಣ ಮಾತ್ರ ಎಳೆಯುವ ಕರೆಂಟನ್ನು ಮೀಟರು ಹಿಡಿಯದಿದ್ದರೆ, ಆ ಕ್ಷಣವನ್ನೇ ಉದ್ದ ಮಾಡುವುದು ಒಂದು ಉಪಾಯ. ಒಂದು ಸರ್ವೊವನ್ನು ಮಾತ್ರ ಜೋಡಿಸಿ, ಅದು ಎಳೆಯುವ ಕೊಂಡಿಯನ್ನು ಇಕ್ಕಳದಿಂದ ಅಲುಗದಂತೆ ಹಿಡಿದು, ತಿರುಗಲು ಆಜ್ಞೆ ಕೊಟ್ಟೆವು. ಮೋಟಾರು ನಿಂತಲ್ಲೇ ನಿಂತಾಗ ಅದು ಎಳೆಯುವ ಕರೆಂಟು ಆರಂಭದ ಕ್ಷಣದ ಕರೆಂಟಿನಷ್ಟೇ ಇರುತ್ತದೆ. ಏಕೆಂದರೆ ಓಡುತ್ತಿರುವ ಮೋಟಾರು ತನ್ನೊಳಗೆ ವಿರುದ್ಧ ದಿಕ್ಕಿನ ವೋಲ್ಟೇಜನ್ನು ಹುಟ್ಟಿಸಿ ಕರೆಂಟಿಗೆ ತಡೆಯೊಡ್ಡುತ್ತದೆ. ನಿಂತ ಮೋಟಾರಿನಲ್ಲಿ ಅದು ಇಲ್ಲ, ಸುರುಳಿಯ ತಂತಿಯ ರೋಧವೊಂದೇ ತಡೆ. ಹೀಗೆ ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು, ಸರ್ವೊ ಸುಟ್ಟೀತು. ಮೀಟರು ಸ್ಥಿರವಾಗಲು ಅಷ್ಟು ಸಾಕು, ನಡುವೆ ತಣಿಯಲು ಬಿಟ್ಟು ಮುಂದಿನ ಅಳತೆ ಮಾಡಬಹುದು.

ಅಳೆಯುವ ರೀತಿಯೂ ಮುಖ್ಯ. 5 ವೋಲ್ಟ್ ಇದೆಯೇ ಎಂದು ನೋಡುವ ಬದಲು, ಒಂದೇ ವೈರಿನ ಎರಡು ತುದಿಗಳಿಗೆ ಮೀಟರಿನ ಎರಡು ಮುಳ್ಳುಗಳನ್ನು ಇಟ್ಟೆವು. ದೂರದ ತುದಿಗೆ ಉದ್ದದ ಒಂದು ಬೇರೆ ವೈರನ್ನು ಮೀಟರಿಗೆ ಜೋಡಿಸಿಕೊಂಡರೆ ಆಯಿತು. ಬಕ್ ಮಾಡ್ಯೂಲಿನ ಧನ ತುದಿಯಿಂದ ಪೆಟ್ಟಿಗೆಯ ಧನ ಟರ್ಮಿನಲ್ಲಿನವರೆಗೆ 0.7 ವೋಲ್ಟ್ ಬಂತು. ಋಣ ವೈರಿನಲ್ಲೂ 0.7. ಪೆಟ್ಟಿಗೆಯೊಳಗಿನ ಟರ್ಮಿನಲ್ ಮತ್ತು ಜಂಪರ್ ವೈರುಗಳಲ್ಲಿ ಸೇರಿ 0.4. ಒಟ್ಟು 1.8 ವೋಲ್ಟು ದಾರಿಯಲ್ಲಿಯೇ ಸೋರಿಹೋಗಿ, ಬೋರ್ಡಿಗೆ ಉಳಿದದ್ದು 3.3. ಅದೇ ಹೊತ್ತಿನಲ್ಲಿ ಬಕ್ ಮಾಡ್ಯೂಲಿನ ಬಾಯಿಯಲ್ಲಿ ವೋಲ್ಟೇಜು 5.1ರ ಹತ್ತಿರವೇ ನಿಂತಿತ್ತು. ಮಾಲೀಕರು ಪ್ರತಿ ಸಲ ಮೀಟರು ಹಚ್ಚಿದ್ದು ಅಲ್ಲಿಯೇ.

ಲೆಕ್ಕವೂ ಇದಕ್ಕೆ ತಾಳೆಯಾಯಿತು. ಆ ತೆಳು ವೈರಿನ ತಾಮ್ರ ಸುಮಾರು 0.2 ಚದರ ಮಿಲಿಮೀಟರ್. ಅಂಥ ವೈರಿಗೆ ಮೀಟರಿಗೆ ಸುಮಾರು 0.085 ಓಮ್ ರೋಧವಿರುತ್ತದೆ. ಹೋಗಿ ಬರುವ 12 ಮೀಟರಿಗೆ 1 ಓಮ್, ಜೋಡಣೆಗಳದ್ದು 0.3. ಎಂಜಿ996ಆರ್ ಸರ್ವೊ 6 ವೋಲ್ಟಿನಲ್ಲಿ ನಿಂತಾಗ ಎಳೆಯುವ ಕರೆಂಟು 2.5 ಆಂಪಿಯರ್ ಎಂದು ಅದರ ಡೇಟಾಶೀಟು ಹೇಳುವುದರಿಂದ ಅದರ ರೋಧ ಹೆಚ್ಚುಕಡಿಮೆ 2.4 ಓಮ್. ಒಂದು ಸರ್ವೊಗೆ 5.1 ವೋಲ್ಟನ್ನು 3.7 ಓಮಿನಿಂದ ಭಾಗಿಸಿದರೆ ಸುಮಾರು 1.4 ಆಂಪಿಯರ್, ಕುಸಿತ 1.8 ವೋಲ್ಟ್. ಎರಡೂ ಒಟ್ಟಿಗೆ ಎದ್ದರೆ ಅವುಗಳ ರೋಧ 1.2 ಓಮಿಗೆ ಇಳಿದು ಕರೆಂಟು 2 ಆಂಪಿಯರಿಗೆ ಏರುತ್ತದೆ, ಬೋರ್ಡಿಗೆ ಉಳಿಯುವುದು ಸುಮಾರು 2.45 ವೋಲ್ಟ್. ಮುಂದೆ ಒಬ್ಬ ಸ್ನೇಹಿತರು ತಂದ ಸಣ್ಣ ಆಸಿಲೋಸ್ಕೋಪಿನಲ್ಲಿ, 4.5 ವೋಲ್ಟಿನ ಇಳಿಯುವ ಅಂಚಿಗೆ ಟ್ರಿಗರ್ ಇಟ್ಟು ಒಂದೇ ಸಲದ ಸೆರೆಯಲ್ಲಿ ನೋಡಿದಾಗ, ಬೋರ್ಡಿನ ಪಿನ್ನುಗಳ ಮೇಲೆ 2.5ರ ಆಸುಪಾಸಿನ ಹೊಂಡ ಕಂಡಿತು.

ಮೇಜಿನ ಮೇಲೆ ಎಲ್ಲ ಸರಿಯಿದ್ದುದು ಏಕೆಂಬುದೂ ಇದರಿಂದ ತಿಳಿಯಿತು. ಅಲ್ಲಿ ವೈರು ಒಂದು ಗೇಣು ಉದ್ದವಿತ್ತು, ಕೊಂಡಿಯ ಭಾರವಿರಲಿಲ್ಲ.

ಸ್ತಬ್ಧವಾಗುತ್ತಿದ್ದುದಕ್ಕೆ ಕಾರಣ

ಈ ಪ್ರಕರಣದಲ್ಲಿ ನಾನು ಅತಿ ಮುಖ್ಯವೆಂದು ಎಣಿಸುವ ಭಾಗ ಇದು. ಈ ಬೋರ್ಡುಗಳಲ್ಲಿ ಬ್ರೌನ್‌ಔಟ್ ರಕ್ಷಣೆಯನ್ನು ಸಾಮಾನ್ಯವಾಗಿ 2.7 ವೋಲ್ಟಿಗೆ ಇಟ್ಟಿರುತ್ತಾರೆ. ವೋಲ್ಟೇಜು ಅದಕ್ಕಿಂತ ಕೆಳಗೆ ಹೋದಾಗ ಮಾತ್ರ ಚಿಪ್ಪು ರೀಸೆಟ್ ಆಗುತ್ತದೆ. ಆದರೆ 16 ಮೆಗಾಹರ್ಟ್ಸ್ ವೇಗದಲ್ಲಿ ಓಡುವ ಅಟ್‌ಮೆಗಾ328ಪಿ ಚಿಪ್ಪಿಗೆ ಡೇಟಾಶೀಟಿನ ಪ್ರಕಾರ ಕನಿಷ್ಠ ಸುಮಾರು 3.8 ವೋಲ್ಟ್ ಬೇಕು. ಈ 2.7 ಮತ್ತು 3.8ರ ನಡುವೆ ಒಂದು ಅಪಾಯದ ಪಟ್ಟಿಯಿದೆ. ಅಲ್ಲಿ ಚಿಪ್ಪು ನಿಲ್ಲುವುದೂ ಇಲ್ಲ, ಸರಿಯಾಗಿ ನಡೆಯುವುದೂ ಇಲ್ಲ. ಆಜ್ಞೆಗಳನ್ನು ತಪ್ಪಾಗಿ ಓದಬಹುದು, ಎಲ್ಲಿಗೋ ಜಿಗಿದು ಸಿಕ್ಕಿಬೀಳಬಹುದು, ಈಈಪ್ರಾಮಿಗೆ ಬೇಡದ್ದನ್ನು ಬರೆಯಬಹುದು.

ಎರಡು ಸರ್ವೊಗಳು ಒಟ್ಟಿಗೆ ಎದ್ದಾಗ ವೋಲ್ಟೇಜು 2.45ಕ್ಕೆ ಬೀಳುತ್ತಿತ್ತು, ರಕ್ಷಣೆ ಕೆಲಸ ಮಾಡುತ್ತಿತ್ತು, ಬೋರ್ಡು ರೀಸೆಟ್ ಆಗುತ್ತಿತ್ತು. ಒಂದೊಂದಾಗಿ ಎಬ್ಬಿಸಿದ ಮೇಲೆ 3.3ಕ್ಕೆ ಬಿದ್ದು, ಸರಿಯಾಗಿ ಆ ಪಟ್ಟಿಯೊಳಗೆ ನಿಲ್ಲುತ್ತಿತ್ತು. ಅಂದರೆ ಸಮಯದ ಅಂತರ ಕೊಟ್ಟದ್ದರಿಂದ ಕಣ್ಣಿಗೆ ಕಾಣುವ ಲಕ್ಷಣ ಹೋಗಿ, ಕಾಣದ ಹಾನಿ ಶುರುವಾಗಿತ್ತು. ರೀಸೆಟ್ ನಿಂತಿತೆಂಬುದು ವೋಲ್ಟೇಜು ಸರಿಯಾಯಿತೆಂಬುದಕ್ಕೆ ಸಾಕ್ಷಿಯಲ್ಲ. ಆ ಸಾಕ್ಷಿಯನ್ನು ಚಿಪ್ಪಿನ ಪಿನ್ನುಗಳ ಮೇಲೆಯೇ ಅಳೆದು ಪಡೆಯಬೇಕು.

ಪರಿಹಾರದ ಆಯ್ಕೆ

ನಮ್ಮ ಮುಂದೆ ಎರಡು ದಾರಿಗಳಿದ್ದವು. ಒಂದನೆಯದು ಅಗ್ಗದ್ದು: ಬೋರ್ಡಿಗೆ ಹೋಗುವ ದಾರಿಯಲ್ಲಿ ಒಂದು ಶಾಟ್ಕಿ ಡಯೋಡು ಹಾಕಿ, ಅದರಾಚೆ ಬೋರ್ಡಿಗಷ್ಟೇ ಮೀಸಲಾದ ದೊಡ್ಡ ಕೆಪಾಸಿಟರು ಇಡುವುದು. ಡಯೋಡು ಇರುವುದರಿಂದ ಕುಸಿತದ ಹೊತ್ತಿನಲ್ಲಿ ಕೆಪಾಸಿಟರಿನ ಸಂಗ್ರಹವನ್ನು ಸರ್ವೊಗಳು ಹಿಂದಕ್ಕೆ ಎಳೆದುಕೊಳ್ಳಲಾರವು. ಬೋರ್ಡು ಮತ್ತು ಸಂವೇದಕ ಸೇರಿ 40 ಮಿಲಿಆಂಪಿಯರ್ ಎಂದಿಟ್ಟುಕೊಂಡು, 4.8ರಿಂದ 4.0 ವೋಲ್ಟಿನವರೆಗೆ ಇಳಿಯಲು ಬಿಟ್ಟರೆ, 100 ಮಿಲಿಸೆಕೆಂಡಿಗೆ 5000 ಮೈಕ್ರೋಫ್ಯಾರಡು ಸಾಕು. ಮೊದಲಿನ ಲಕ್ಷದ ಲೆಕ್ಕ ಇಲ್ಲಿ ಕೈಗೆಟುಕುವ ಗಾತ್ರಕ್ಕೆ ಬಂದದ್ದು ಹೊರೆಯನ್ನು ಬೇರ್ಪಡಿಸಿದ್ದರಿಂದ. ಹಗುರ ಹೊರೆಯ ಎಷ್ಟೋ ಸಾಧನಗಳಿಗೆ ಇದೇ ತಕ್ಕ ಪರಿಹಾರ. ಆದರೆ ಈ ಶೆಡ್ಡಿನಲ್ಲಿ ಧೂಳು ತುಂಬಿ ಕೊಂಡಿ ಬಿಗಿಯುವುದುಂಟು. ಆಗ ಸರ್ವೊ ಒಂದು ಸೆಕೆಂಡು ಹೆಣಗಿದರೆ ಕೆಪಾಸಿಟರು ಅದಕ್ಕೂ ಮೊದಲೇ ಬರಿದಾಗುತ್ತದೆ. ಸರ್ವೊಗೆ ಸಿಗುವ ವೋಲ್ಟೇಜೂ ಬಡವಾಗಿಯೇ ಉಳಿದು, ಬಿಗಿದ ಕೊಂಡಿಯನ್ನು ಎಳೆಯುವ ಬಲ ಸಾಲುವುದಿಲ್ಲ. ಹಾಗಾಗಿ ಅದನ್ನು ಕೈಬಿಟ್ಟೆವು.

ಎರಡನೆಯದನ್ನು ಆರಿಸಿಕೊಂಡೆವು. ಬಕ್ ಮಾಡ್ಯೂಲನ್ನು ಪಂಪಿನ ಕೋಣೆಯಿಂದ ಕಿತ್ತು ಶೆಡ್ಡಿನ ಪೆಟ್ಟಿಗೆಯೊಳಗೆ, ಸರ್ವೊಗಳ ಪಕ್ಕದಲ್ಲಿ ಕೂರಿಸಿ, ಉದ್ದದ ವೈರಿನಲ್ಲಿ 5ರ ಬದಲು 12 ವೋಲ್ಟನ್ನೇ ಒಯ್ದೆವು. ಅದೇ ಶಕ್ತಿಗೆ 12 ವೋಲ್ಟಿನಲ್ಲಿ ಹರಿಯುವ ಕರೆಂಟು ಕಡಿಮೆ, ಅದರಿಂದ ಕುಸಿತವೂ ಕಡಿಮೆ. ಮೇಲಾಗಿ 12ರಲ್ಲಿ ಒಂದು ವೋಲ್ಟು ಹೋದರೂ ಬಕ್ ಮಾಡ್ಯೂಲು 5ನ್ನು ಬಿಟ್ಟುಕೊಡುವುದಿಲ್ಲ. ವೈರನ್ನೂ 1.5 ಚದರ ಮಿಲಿಮೀಟರಿಗೆ ಬದಲಿಸಿದ್ದರಿಂದ 12 ಮೀಟರಿನ ರೋಧ 1 ಓಮಿನಿಂದ 0.14ಕ್ಕೆ ಇಳಿಯಿತು. ಬ್ಯಾಟರಿಯ ಬುಡದಲ್ಲಿ ಒಂದು ಫ್ಯೂಸು ಹಾಕಿದೆವು, ಏಕೆಂದರೆ ದಪ್ಪ ವೈರಿನ ಶಾರ್ಟ್ ಸರ್ಕ್ಯೂಟು ತೆಳು ವೈರಿನದಕ್ಕಿಂತ ಅಪಾಯಕರ.

ಸರ್ವೊಗಳಿಗೆ ಒಂದು ಬಕ್ ಮಾಡ್ಯೂಲು, ಬೋರ್ಡಿಗೆ ಇನ್ನೊಂದು. ಎರಡರ ಗ್ರೌಂಡನ್ನೂ 12 ವೋಲ್ಟು ಒಳಬರುವ ಟರ್ಮಿನಲ್ಲಿನ ಒಂದೇ ತಿರುಪಿನಡಿ ಸೇರಿಸಿದೆವು. ಗ್ರೌಂಡನ್ನು ಸೇರಿಸದಿದ್ದರೆ ಸರ್ವೊಗೆ ಬೋರ್ಡಿನ ಸಂಕೇತ ಅರ್ಥವಾಗದು. ಸರ್ವೊಗಳ ಕರೆಂಟು ಬೋರ್ಡಿನ ಗ್ರೌಂಡ್ ವೈರಿನ ಮೂಲಕವೇ ಮರಳುವಂತೆ ಸೇರಿಸಿದರೆ ಹಳೆಯ ಕುಸಿತ ಬೇರೆ ದಾರಿಯಿಂದ ಒಳಬರುತ್ತದೆ. ಸರ್ವೊಗಳ ಟರ್ಮಿನಲ್ಲಿನಲ್ಲಿ 1000 ಮೈಕ್ರೋಫ್ಯಾರಡಿನ ಒಂದು ಕೆಪಾಸಿಟರು ಇಟ್ಟೆವು, ಬ್ರಷ್ಷಿನ ಗದ್ದಲಕ್ಕಾಗಿ. ಒಂದರ ನಂತರ ಒಂದು ಸರ್ವೊ ಎಬ್ಬಿಸುವ ಪ್ರೋಗ್ರಾಮನ್ನೂ ಹಾಗೆಯೇ ಇಟ್ಟುಕೊಂಡೆವು: ಎರಡೂ ಒಟ್ಟಿಗೆ ಎದ್ದರೆ 5 ವೋಲ್ಟಿನಲ್ಲಿ 4 ಆಂಪಿಯರಿಗೂ ಮೀರಿ ಬೇಕಾಗುತ್ತದೆ, ಎಲ್‌ಎಂ2596 ಕೊಡುವುದು ಹೆಚ್ಚೆಂದರೆ 3.

ಕೊನೆಯದಾಗಿ ಬ್ರೌನ್‌ಔಟ್ ಮಟ್ಟವನ್ನು 2.7ರಿಂದ 4.3 ವೋಲ್ಟಿಗೆ ಏರಿಸಿದೆವು.

```
avrdude -c usbasp -p m328p -U efuse:w:0xFC:m
```

ಇದನ್ನು ಮೊದಲೇ ಮಾಡಿದ್ದರೆ ಪ್ರತಿ ಚಲನೆಗೂ ರೀಸೆಟ್ ಆಗುತ್ತಿತ್ತು. ವೋಲ್ಟೇಜು ಸರಿಯಾದ ಮೇಲೆ ಇದು ಕಾವಲು: ಎಂದಾದರೂ ಕುಸಿತ ಮರುಕಳಿಸಿದರೆ ಚಿಪ್ಪು ತಪ್ಪು ಲೆಕ್ಕ ಮಾಡುತ್ತ ಕೂರುವ ಬದಲು ಅಚ್ಚುಕಟ್ಟಾಗಿ ರೀಸೆಟ್ ಆಗುತ್ತದೆ. ರೀಸೆಟ್ಟಿನ ಚಕ್ರಕ್ಕೆ ಬೀಳದಂತೆ `setup()`ನಲ್ಲಿ ಸರ್ವೊ ಅಲುಗಿಸುವುದನ್ನು ತೆಗೆದು, ಈಈಪ್ರಾಮಿನ ಬೈಟನ್ನು ಮೋಟಾರು ನಿಂತಿರುವಾಗ ಮಾತ್ರ ಬರೆಯುವಂತೆ ಯುವಕ ಪ್ರೋಗ್ರಾಮನ್ನು ತಿದ್ದಿದ.

ಆದದ್ದು

ಕೊಂಡಿಯನ್ನು ಇಕ್ಕಳದಿಂದ ಹಿಡಿದು ಅದೇ ಪರೀಕ್ಷೆಯನ್ನು ಮತ್ತೆ ಮಾಡಿದಾಗ ಬೋರ್ಡಿನ ಪಿನ್ನುಗಳ ಮೇಲೆ ಇಳಿಕೆ 0.1 ವೋಲ್ಟಿಗಿಂತ ಕಡಿಮೆಯಿತ್ತು. ಸರ್ವೊಗಳ ಕಡೆಯ 5 ವೋಲ್ಟು ಆ ಕ್ಷಣದಲ್ಲಿ 0.3ರಷ್ಟು ಇಳಿಯುತ್ತದೆ, ಅದು ಬೋರ್ಡನ್ನು ಮುಟ್ಟದ ಕಾರಣ ಹಾಗೆಯೇ ಬಿಟ್ಟೆವು. ಮೊದಲು ನಡುಗುತ್ತಿದ್ದ ಕೊಂಡಿ ಈಗ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತದೆ, ಸರ್ವೊಗೆ ಪೂರ್ಣ ವೋಲ್ಟೇಜು ಸಿಗುತ್ತಿರುವುದರಿಂದ ಬಿಗಿದ ಕೊಂಡಿಯೂ ಬರುತ್ತದೆ. ಆ ಹಂಗಾಮಿನ ಉಳಿದ ದಿನಗಳಲ್ಲಿ `BORF` ಮತ್ತೆ ಕಾಣಿಸಲಿಲ್ಲ, ಬೋರ್ಡು ಸ್ತಬ್ಧವಾಗಲೂ ಇಲ್ಲ.

ಈ ಏರ್ಪಾಡಿಗೂ ಮಿತಿಗಳಿವೆ. ಬ್ಯಾಟರಿ ಹಳತಾದಂತೆ ಅದರ ಒಳರೋಧ ಏರುತ್ತದೆ, ತಿರುಪಿನ ಟರ್ಮಿನಲ್ಲುಗಳು ಧೂಳು ಮತ್ತು ತೇವಕ್ಕೆ ಕಿಲುಬು ಹಿಡಿಯುತ್ತವೆ, 0.3 ಓಮಿನ ಒಂದು ಸಡಿಲ ಜೋಡಣೆ ಹೊಸ ವೈರಿನ ಎರಡು ಪಟ್ಟು ರೋಧವನ್ನು ಒಬ್ಬಂಟಿಯಾಗಿ ಸೇರಿಸಬಲ್ಲದು. ಆದ್ದರಿಂದ ಪ್ರತಿ ಹಂಗಾಮು ಶುರುವಾಗುವ ಮುನ್ನ ಯುವಕ ಕೊಂಡಿಯನ್ನು ಹಿಡಿದು, ಬ್ಯಾಟರಿಯ ತುದಿಯಿಂದ ಪೆಟ್ಟಿಗೆಯ ಟರ್ಮಿನಲ್ಲಿನವರೆಗೆ ಎರಡೂ ವೈರುಗಳ ಕುಸಿತವನ್ನು ಅಳೆದು ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ ಬರೆಯುತ್ತಾನೆ. ಯಾವುದಾದರೂ ವೈರಿನಲ್ಲಿ ಅದು 0.3 ವೋಲ್ಟು ದಾಟಿದರೆ ಮೊದಲು ತಿರುಪುಗಳನ್ನು ಬಿಚ್ಚಿ, ವೈರಿನ ತುದಿಯನ್ನು ಹೊಸದಾಗಿ ಸುಲಿದು ಬಿಗಿಯುವುದು ಅವರು ಮಾಡಿಕೊಂಡ ಕ್ರಮ.